ಆರು ಗಂಟೆಗೆ ಸರ್ವರ್ ಸಿಗದಿದ್ದಾಗ: 180 ಜನರ ಶಿಫ್ಟಿಗೆ ಯಾವ ರೀಟ್ರೈ?

ಮಂಗಳೂರಿನ ಬಿಜೈ ಕಡೆಯ ಒಂದು ಆಫೀಸು. ಬೆಳಿಗ್ಗೆ ಆರಕ್ಕೆ ಮೊದಲ ಶಿಫ್ಟ್. ಜೂನ್ ತಿಂಗಳಾದರೆ ಐದೂ ಮುಕ್ಕಾಲಕ್ಕೇ ಮೆಟ್ಟಿಲಿನ ಬದಿಯಲ್ಲಿ ರೈನ್‌ಕೋಟುಗಳು ಸಾಲಾಗಿ ನೀರು ಸುರಿಸುತ್ತಾ ನೇತಾಡುತ್ತಿರುತ್ತವೆ. ಒಳಗೆ 180 ಜನ ಸಿಸ್ಟಮಿನ ಎದುರು ಕೂತು, ಟಾಸ್ಕ್ ಪ್ಲಾಟ್‌ಫಾರ್ಮಿಗೆ ಲಾಗಿನ್ ಆಗಿ, ಮೊದಲ ಟಾಸ್ಕ್ ಎತ್ತಿಕೊಳ್ಳಬೇಕು. ಆ ಪ್ಲಾಟ್‌ಫಾರ್ಮ್ ನಮ್ಮದಲ್ಲ, ಕ್ಲೈಂಟಿನದು. ಅದನ್ನು ತೆರೆಯುವ ಡೆಸ್ಕ್‌ಟಾಪ್ ಆ್ಯಪ್ ಮಾತ್ರ ನಮ್ಮದು. ಅದನ್ನು ನೋಡಿಕೊಳ್ಳುವವನು ನಾನು.

ತಿಂಗಳಿಗೆ ಎರಡೋ ಮೂರೋ ಸಲ, ಸರಿಯಾಗಿ ಆರಕ್ಕೇ ಅರ್ಧ ನಿಮಿಷದಷ್ಟು ಹೊತ್ತು ಪ್ಲಾಟ್‌ಫಾರ್ಮ್ ಸಿಗುವುದಿಲ್ಲ. ಅವರ ಕಡೆ ರೀಸ್ಟಾರ್ಟ್ ಇರಬಹುದು. ನಮ್ಮ ಕಡೆ ಕರೆಂಟ್ ಹೋಗಿ ಜನರೇಟರ್‌ಗೆ ತಿರುಗುವಾಗ ರೂಟರ್ ಒಮ್ಮೆ ಬಿದ್ದು ಎದ್ದಿರಬಹುದು. ಅರ್ಧ ನಿಮಿಷ ದೊಡ್ಡ ವಿಷಯವಲ್ಲ. ಆದರೆ ಅರ್ಧ ನಿಮಿಷದ ಅಡಚಣೆ ಹತ್ತು ನಿಮಿಷದ ರಗಳೆಯಾಗುತ್ತಿತ್ತು. ಫ್ಲೋರ್ ಲೀಡ್ ಅಕ್ಕ ಬಂದು, "ಎಂತ ಮಾರಾಯ್ರೆ, ಸರ್ವರ್ ಬಂದಿದೆ ಹೇಳ್ತಾರೆ, ನಮ್ಮಲ್ಲಿ ಇನ್ನೂ ತಿರುಗ್ತಾ ಉಂಟಲ್ಲ?" ಎಂದು ಕೇಳಿದಾಗ ನನ್ನ ಬಳಿ ಉತ್ತರ ಇರಲಿಲ್ಲ. ಉತ್ತರ ಇದ್ದದ್ದು ಆ್ಯಪ್ ಮತ್ತೆ ಮತ್ತೆ ಪ್ರಯತ್ನಿಸುವ ರೀತಿಯಲ್ಲಿ.

ನಮ್ಮ ಮುಂದೆ ಇದ್ದದ್ದು ಮೂರು ದಾರಿ. ಪ್ರತಿ 5 ಸೆಕೆಂಡಿಗೊಮ್ಮೆ ಪ್ರಯತ್ನಿಸುವುದು ಒಂದು. ಪ್ರತಿ ಸೋಲಿಗೂ ಕಾಯುವ ಹೊತ್ತನ್ನು ದುಪ್ಪಟ್ಟು ಮಾಡುತ್ತಾ ಹೋಗುವುದು ಇನ್ನೊಂದು, ಅದೇ ಎಕ್ಸ್‌ಪೊನೆನ್ಷಿಯಲ್ ಬ್ಯಾಕ್‌ಆಫ್. ದುಪ್ಪಟ್ಟು ಮಾಡಿದ ಆ ಹೊತ್ತಿನೊಳಗೆ ಎಲ್ಲಾದರೂ ಒಂದು ಕ್ಷಣವನ್ನು ಚೀಟಿ ಎತ್ತಿದ ಹಾಗೆ ಆರಿಸಿಕೊಳ್ಳುವುದು ಮೂರನೆಯದು. ಈ ಚೀಟಿ ಎತ್ತುವುದಕ್ಕೆ ಜಿಟ್ಟರ್ ಎನ್ನುತ್ತಾರೆ; ಪೂರ್ತಿ ಅವಧಿಯಿಂದ ಎತ್ತಿದರೆ ಫುಲ್ ಜಿಟ್ಟರ್.

ಲೆಕ್ಕಕ್ಕಾಗಿ ಕೆಲವು ಸಂಖ್ಯೆಗಳನ್ನು ಹಿಡಿದುಕೊಳ್ಳೋಣ. 180 ಆ್ಯಪ್‌ಗಳೂ 6:00:00ಕ್ಕೆ ಒಟ್ಟಿಗೆ ಲಾಗಿನ್ ಕೇಳುತ್ತವೆ. ಪ್ಲಾಟ್‌ಫಾರ್ಮ್ 6:00:40ರವರೆಗೆ ಸಿಗುವುದಿಲ್ಲ. ಕನೆಕ್ಷನ್ ತಕ್ಷಣ ನಿರಾಕರಣೆಯಾಗುತ್ತದೆ. ಎದ್ದ ಮೇಲೂ, ಅದರ ಹಿಂದೆ ಕೆಲಸ ಮಾಡುವ ಸರ್ವರ್ ಇನ್‌ಸ್ಟೆನ್ಸುಗಳೆಲ್ಲ ಏಳುವ ತನಕ, ಮೊದಲ ಕೆಲವು ನಿಮಿಷ ಅದು ಸೆಕೆಂಡಿಗೆ 10 ಲಾಗಿನ್ ಮಾತ್ರ ಮುಗಿಸಬಲ್ಲದು. ಬಂದ ಕೋರಿಕೆಗಳನ್ನು ಬಂದ ಸರದಿಯಲ್ಲೇ ತೆಗೆದುಕೊಳ್ಳುತ್ತದೆ. ನಮ್ಮ ಆ್ಯಪ್ 5 ಸೆಕೆಂಡಿನಲ್ಲಿ ಉತ್ತರ ಬರದಿದ್ದರೆ ಟೈಮ್‌ಔಟ್ ಎಂದು ಕೈಬಿಡುತ್ತದೆ.

ಐದು ಸೆಕೆಂಡಿಗೊಮ್ಮೆ

ಮೊದಲು ನಮ್ಮಲ್ಲಿ ಇದ್ದದ್ದು ಇದೇ. ಬರೆಯಲು ಸುಲಭ, ಓದಿದವರಿಗೂ ತಕರಾರಿಲ್ಲ. ಆರರಿಂದ 6:00:35ರ ತನಕ ಎಂಟು ಸುತ್ತು, ಅಂದರೆ 1,440 ವ್ಯರ್ಥ ಕೋರಿಕೆ. ಅದು ಅಷ್ಟು ತೊಂದರೆಯದ್ದಲ್ಲ. ತೊಂದರೆ ಶುರುವಾಗುವುದು ಸರ್ವರ್ ಎದ್ದ ಮೇಲೆ.

6:00:40ಕ್ಕೆ 180 ಕೋರಿಕೆ ಒಮ್ಮೆಗೇ ಬೀಳುತ್ತದೆ. ಐದು ಸೆಕೆಂಡಿನಲ್ಲಿ 50 ಜನ ಒಳಗೆ ಹೋಗುತ್ತಾರೆ. ಉಳಿದ 130 ಜನರ ಆ್ಯಪ್ 6:00:45ಕ್ಕೆ ಕೈಬಿಟ್ಟು, ಐದು ಸೆಕೆಂಡು ಕಾದು, 6:00:50ಕ್ಕೆ ಮತ್ತೆ ಕೇಳುತ್ತದೆ. ಆದರೆ ಅವರು ಕೈಬಿಟ್ಟದ್ದು ಸರ್ವರಿಗೆ ಗೊತ್ತಿಲ್ಲ. ಅದು ಹಳೆಯ 130ನ್ನೇ ನಿಷ್ಠೆಯಿಂದ ಒಂದೊಂದಾಗಿ ಮುಗಿಸುತ್ತಿದೆ. ಹೊಸ 130 ಕೋರಿಕೆ ಬಂದಾಗ ಅವುಗಳ ಮುಂದೆ ಇನ್ನೂ 80 ಸತ್ತ ಕೋರಿಕೆಗಳು ನಿಂತಿರುತ್ತವೆ. ಆ 80 ಮುಗಿಯಲು 8 ಸೆಕೆಂಡು ಬೇಕು. ಹೊಸಬರ ತಾಳ್ಮೆ 5 ಸೆಕೆಂಡು. ಹಾಗಾಗಿ ಎರಡನೇ ಸುತ್ತಿನಲ್ಲಿ ಒಳಗೆ ಹೋದವರ ಸಂಖ್ಯೆ ಸೊನ್ನೆ.

ಮೂರನೇ ಸುತ್ತಿನಲ್ಲೂ ಸೊನ್ನೆ. ಯಾಕೆಂದರೆ 6:01:00ಕ್ಕೆ ಬರುವವರ ಎದುರು ಈಗ 110 ಸತ್ತ ಕೋರಿಕೆಗಳಿವೆ. ಹತ್ತು ಸೆಕೆಂಡಿಗೆ 130 ಬರುತ್ತದೆ, 100 ಹೋಗುತ್ತದೆ; ಪ್ರತಿ ಸುತ್ತಿಗೂ ಕ್ಯೂ 30ರಷ್ಟು ಉದ್ದವಾಗುತ್ತಲೇ ಇದೆ. ಸರ್ವರ್ ನೂರಕ್ಕೆ ನೂರು ದುಡಿಯುತ್ತಿದೆ. ಅವರ ಕಡೆಯ ಡ್ಯಾಶ್‌ಬೋರ್ಡಿನಲ್ಲಿ ಲಾಗಿನ್‌ಗಳು ಯಶಸ್ವಿಯಾಗಿ ಮುಗಿಯುತ್ತಿರುವುದು ಕಾಣುತ್ತದೆ. ನಮ್ಮ ಕಡೆ 130 ಸ್ಕ್ರೀನ್ ತಿರುಗುತ್ತಿದೆ. "ನಿಮ್ಮ ಲೈನಿನ ಸಮಸ್ಯೆ" ಎಂದು ಅವರು, "ನಿಮ್ಮ ಸರ್ವರಿನ ಸಮಸ್ಯೆ" ಎಂದು ನಾವು. ಎರಡೂ ಕಡೆಯವರು ಹೇಳುವುದು ಅವರವರಿಗೆ ಕಂಡ ಸತ್ಯವೇ. ಉಳಿದ ಇನ್‌ಸ್ಟೆನ್ಸುಗಳು ಎದ್ದು ವೇಗ ಏರುವ ತನಕ, ಅಥವಾ ಯಾರಾದರೂ ಆ್ಯಪ್ ಮುಚ್ಚಿಸಿ ಸಾಲು ಕರಗಿಸುವ ತನಕ, ಇದು ತಾನಾಗಿ ಬಿಡಿಸಿಕೊಳ್ಳುವುದಿಲ್ಲ. ಲೀಡ್ ಅಕ್ಕನ ಪ್ರಶ್ನೆಗೆ ಉತ್ತರ ಇಲ್ಲಿತ್ತು.

ಇಷ್ಟು ಹೇಳಿದ ಮೇಲೂ, ಈ ದಾರಿ ಎಲ್ಲರಿಗೂ ಕೆಟ್ಟದ್ದಲ್ಲ. ಉಡುಪಿಯಲ್ಲಿ ನನ್ನ ಗೆಳೆಯನದ್ದು ಎಂಟು ಜನರ ಶಿಫ್ಟ್. ಎಂಟು ಕೋರಿಕೆ ಒಟ್ಟಿಗೆ ಬಿದ್ದರೂ ಒಂದು ಸೆಕೆಂಡಿನ ಕೆಲಸ. ಅವನಿಗೆ ಐದು ಸೆಕೆಂಡಿನ ಲೂಪ್ ಸಾಕು, ಬದಲಿಸುವ ಅಗತ್ಯ ಇಲ್ಲವೆಂದೇ ನಾನೂ ಹೇಳಿದ್ದು. ಒಟ್ಟಿಗೆ ಬೀಳುವ ಕೋರಿಕೆಯೆಲ್ಲ ಟೈಮ್‌ಔಟಿನೊಳಗೆ ಮುಗಿಯುವುದಾದರೆ ಮೇಲಿನ ಕಥೆ ಹುಟ್ಟುವುದೇ ಇಲ್ಲ.

ದುಪ್ಪಟ್ಟು ಕಾಯುವುದು, ಚೀಟಿ ಇಲ್ಲದೆ

ಇದಕ್ಕೆ ಮದ್ದು ಎಂದು ಎಲ್ಲರೂ ಮೊದಲು ಹೇಳುವುದು ಎಕ್ಸ್‌ಪೊನೆನ್ಷಿಯಲ್ ಬ್ಯಾಕ್‌ಆಫ್. ನಾನೂ ಹಾಗೇ ಮಾಡಿದೆ. 1 ಸೆಕೆಂಡು ಕಾಯಿ, ಆಮೇಲೆ 2, 4, 8, 16, ಆಮೇಲೆ 30ಕ್ಕೆ ನಿಲ್ಲಿಸು. ಅಂದರೆ ಪ್ರಯತ್ನಗಳು ಬೀಳುವುದು ಆರು ಗಂಟೆಯಿಂದ 0, 1, 3, 7, 15, 31 ಮತ್ತು 61ನೇ ಸೆಕೆಂಡಿಗೆ.

ಸರ್ವರ್ ಎದ್ದದ್ದು 40ನೇ ಸೆಕೆಂಡಿಗೆ. 61ರ ತನಕ ಯಾರೂ ಕೇಳುವುದೇ ಇಲ್ಲ. ಅದು ಇಪ್ಪತ್ತೊಂದು ಸೆಕೆಂಡು ಖಾಲಿ ಕೂತಿರುತ್ತದೆ. 61ಕ್ಕೆ 180 ಜನ ಒಟ್ಟಿಗೆ ಬಾಗಿಲು ತಟ್ಟುತ್ತಾರೆ. 50 ಒಳಗೆ, 130 ಟೈಮ್‌ಔಟ್. ಈ ಸಲ ಅವರು 30 ಸೆಕೆಂಡು ದೂರ ಇರುತ್ತಾರಾದ್ದರಿಂದ ಸರ್ವರ್ ಸತ್ತ ಕೋರಿಕೆಗಳನ್ನು 79ನೇ ಸೆಕೆಂಡಿಗೆ ಮುಗಿಸಿ ಮತ್ತೆ ಖಾಲಿಯಾಗುತ್ತದೆ. 96ಕ್ಕೆ ಮತ್ತೆ 130 ಜನ; 50 ಒಳಗೆ. 131ಕ್ಕೆ 80 ಜನ, 50 ಒಳಗೆ. 166ಕ್ಕೆ ಉಳಿದ 30 ಜನ, ಮೂರು ಸೆಕೆಂಡಿನಲ್ಲಿ ಮುಗಿಯಿತು. ಕೊನೆಯವರು ಕೆಲಸಕ್ಕೆ ಕೈ ಹಾಕಿದ್ದು 6:02:49ಕ್ಕೆ.

ಮೊದಲಿನದಕ್ಕಿಂತ ಎಷ್ಟೋ ವಾಸಿ, ಬಿಡುಗಡೆಯಾದರೂ ಆಗುತ್ತದೆ. ಆದರೆ ಇಲ್ಲಿ ಏನು ಕೆಲಸ ಮಾಡಿತು ನೋಡಿ. ಕಾಯುವ ಹೊತ್ತು ದೊಡ್ಡದಾಯಿತು ಅಷ್ಟೇ, ಗುಂಪು ಒಡೆಯಲಿಲ್ಲ. ರೈಲ್ವೆ ಗೇಟಿನಲ್ಲಿ ಕಾದವರಿಗೆ ಈ ದೃಶ್ಯ ಗೊತ್ತಿದ್ದದ್ದೇ: ಗೇಟು ಐದು ನಿಮಿಷ ಮುಚ್ಚಲಿ, ಹತ್ತು ನಿಮಿಷ ಮುಚ್ಚಲಿ, ತೆಗೆದಾಗ ಸ್ಕೂಟರು, ರಿಕ್ಷಾ, ಬಸ್ಸು ಎಲ್ಲವೂ ಒಂದೇ ಉಸಿರಿಗೆ ನುಗ್ಗುತ್ತವೆ.

ಸ್ವಲ್ಪ ಹಳೆಯ ಮಾತು ಹೇಳುತ್ತೇನೆ. ಈ ದುಪ್ಪಟ್ಟು ಮಾಡುವ ಉಪಾಯ ಪ್ರಸಿದ್ಧವಾದದ್ದು ಈಥರ್ನೆಟ್‌ನಿಂದ, ಮೆಟ್ಕಾಫ್ ಮತ್ತು ಬಾಗ್ಸ್ ಅದರ ಬಗ್ಗೆ ಬರೆದದ್ದು 1976ರಲ್ಲಿ. ಒಂದೇ ಕೇಬಲಿನಲ್ಲಿ ಎರಡು ಮೆಷಿನ್ ಒಟ್ಟಿಗೆ ಮಾತಾಡಿ ಡಿಕ್ಕಿಯಾದರೆ ಎರಡೂ ಹಿಂದೆ ಸರಿಯಬೇಕು. 10 ಮೆಗಾಬಿಟ್ ಈಥರ್ನೆಟ್‌ನಲ್ಲಿ ಕಾಯುವಿಕೆಯ ಒಂದು ತುಂಡು 51.2 ಮೈಕ್ರೊಸೆಕೆಂಡು. ಮೊದಲ ಡಿಕ್ಕಿಯ ನಂತರ 0 ಅಥವಾ 1 ತುಂಡು, ಎರಡನೆಯದರ ನಂತರ 0ಯಿಂದ 3ರೊಳಗೆ ಒಂದು, ಹೀಗೆ ಹತ್ತನೆಯದಕ್ಕೆ 0ಯಿಂದ 1023ರೊಳಗೆ ಒಂದು. ಹದಿನಾರು ಸಲ ಸೋತರೆ ಕೈಬಿಡುವುದು. ಅಂದರೆ ಅಲ್ಲಿ ದುಪ್ಪಟ್ಟಾಗುವುದು ಕಾಯುವ ಹೊತ್ತಲ್ಲ, ಚೀಟಿ ಎತ್ತುವ ಡಬ್ಬಿ. ಚೀಟಿ ಮೊದಲಿನಿಂದಲೇ ಅದರ ಜೀವಾಳ. ಸಾಫ್ಟ್‌ವೇರಿಗೆ ತರುವಾಗ ನಮ್ಮಂಥವರು ದುಪ್ಪಟ್ಟನ್ನು ಹಿಡಿದುಕೊಂಡು ಚೀಟಿಯನ್ನು ದಾರಿಯಲ್ಲಿ ಬೀಳಿಸಿಕೊಂಡೆವು, ಆಮೇಲೆ ಅದನ್ನೇ ಜಿಟ್ಟರ್ ಎಂಬ ಹೊಸ ಹೆಸರಲ್ಲಿ ಮತ್ತೆ ಸೇರಿಸಿದೆವು.

ಚೀಟಿ ಎತ್ತಿ ಕಾಯುವುದು

ಫುಲ್ ಜಿಟ್ಟರಿನಲ್ಲಿ 1, 2, 4, 8, 16, 30 ಎನ್ನುವುದು ಕಾಯುವ ಹೊತ್ತಲ್ಲ, ಕಾಯುವ ಹೊತ್ತಿನ ಮೇಲ್ಮಿತಿ. ಮೂರನೇ ಸೋಲಿನ ನಂತರ ಒಬ್ಬರ ಆ್ಯಪ್ 0.3 ಸೆಕೆಂಡು ಕಾಯಬಹುದು, ಪಕ್ಕದ ಕುರ್ಚಿಯವರದ್ದು 3.7. ನಾಲ್ಕೈದು ಸುತ್ತು ಕಳೆಯುವಾಗ 180 ಜನರಲ್ಲಿ ಯಾರ ಗಡಿಯಾರಕ್ಕೂ ಯಾರದ್ದೂ ಸಂಬಂಧ ಉಳಿದಿರುವುದಿಲ್ಲ.

40ನೇ ಸೆಕೆಂಡಿನ ಹೊತ್ತಿಗೆ ಹೆಚ್ಚಿನವರು 30ರ ಮಿತಿಗೆ ಮುಟ್ಟಿರುತ್ತಾರೆ. ಪ್ರತಿಯೊಬ್ಬರೂ ಸರಾಸರಿ 15 ಸೆಕೆಂಡಿಗೊಮ್ಮೆ ಕೇಳುತ್ತಿದ್ದಾರೆ ಅಂದರೆ ಒಟ್ಟು ಸೆಕೆಂಡಿಗೆ ಸುಮಾರು 12 ಕೋರಿಕೆ. ಸರ್ವರ್ ಎದ್ದ ಆ ಕ್ಷಣದಿಂದಲೇ ಅದಕ್ಕೆ ಕೆಲಸ ಸಿಗುತ್ತದೆ, ಬಂದವರೆಲ್ಲ ಒಳಗೆ ಹೋಗುತ್ತಾ ಕೇಳುವವರು ಕಡಿಮೆಯಾಗುತ್ತಾರೆ. ಮೊದಲ ಐದು ಸೆಕೆಂಡು ಮಾತ್ರ 12 ಮತ್ತು 10ರ ನಡುವಿನ ವ್ಯತ್ಯಾಸದಿಂದ ಐದಾರು ಜನರ ಚಿಕ್ಕ ಸಾಲು ಹುಟ್ಟುತ್ತದೆ, ಅರ್ಧ ಸೆಕೆಂಡಿನ ಕಾಯುವಿಕೆ. ಯಾರಿಗೂ ಟೈಮ್‌ಔಟ್ ಆಗುವುದಿಲ್ಲ, ಹಾಗಾಗಿ ಸತ್ತ ಕೋರಿಕೆ ಹುಟ್ಟುವುದಿಲ್ಲ. ಸರ್ವರ್ ಎದ್ದ ಒಂಬತ್ತು ಸೆಕೆಂಡಿನಲ್ಲಿ ಸುಮಾರು ಅರ್ಧ ಜನ ಒಳಗಿರುತ್ತಾರೆ. 30 ಸೆಕೆಂಡಿಗಿಂತ ಹೆಚ್ಚು ಯಾರೂ ಕಾಯುವಂತಿಲ್ಲವಾದ್ದರಿಂದ 6:01:10ರ ಸುಮಾರಿಗೆ ಎಲ್ಲರೂ.

| | ವ್ಯರ್ಥ ಕೋರಿಕೆ (ಮೊದಲ 40 ಸೆಕೆಂಡು) | ಕೊನೆಯವರು ಒಳಗೆ |
|---|---|---|
| 5 ಸೆಕೆಂಡಿಗೊಮ್ಮೆ | 1,440 | ತಾನಾಗಿ ಇಲ್ಲ |
| ದುಪ್ಪಟ್ಟು, ಚೀಟಿ ಇಲ್ಲದೆ | 1,080 | 6:02:49 |
| ದುಪ್ಪಟ್ಟು, ಫುಲ್ ಜಿಟ್ಟರ್ | ಸುಮಾರು 1,300 | ಸುಮಾರು 6:01:10 |

ನಡುವಿನ ಅಂಕಣದಲ್ಲಿ ಒಂದು ಪ್ರಾಮಾಣಿಕ ವಿಷಯ ಇದೆ. ಜಿಟ್ಟರ್ ಹಾಕಿದರೆ ಸರಾಸರಿ ಕಾಯುವಿಕೆ ಅರ್ಧವಾಗುವುದರಿಂದ ಬರೀ ದುಪ್ಪಟ್ಟಿಗಿಂತ ಹೆಚ್ಚು ಕೋರಿಕೆ ಹೋಗುತ್ತದೆ. "ಕೋರಿಕೆ ಕಡಿಮೆ ಮಾಡಿ" ಎನ್ನುವ ಮ್ಯಾನೇಜರಿಗೆ ಇದು ಹಿನ್ನಡೆಯಂತೆ ಕಂಡೀತು. ಆದರೆ ಬಿದ್ದಿರುವ ಸರ್ವರಿಗೆ ಹೋದ ಕೋರಿಕೆ ತಕ್ಷಣ ಹಿಂದೆ ಬರುತ್ತದೆ, ಯಾರಿಗೂ ಭಾರವಲ್ಲ. ಭಾರವಾಗುವುದು ಎದ್ದ ಕ್ಷಣದಲ್ಲಿ ಒಟ್ಟಿಗೆ ಬೀಳುವ ರಾಶಿ.

ಕೋಡ್ ಇಷ್ಟೇ:

```python
BASE, CAP, LIMIT = 1, 30, 300

def login_with_retry(login):
    start, n = time.monotonic(), 0
    while True:
        try:
            return login(timeout=5)
        except Unreachable as e:
            wait = random.uniform(0, min(CAP, BASE * 2 ** n))
            wait += e.retry_after or 0
            if time.monotonic() - start + wait > LIMIT:
                raise
            time.sleep(wait)
            n += 1
```

`timeout=5` ಎನ್ನುವುದನ್ನು ಬಿಡಬೇಡಿ. ಮೇಲಿನ ಲೆಕ್ಕದಲ್ಲಿ ನಿರಾಕರಣೆ ತಕ್ಷಣ ಬಂತು. ನಮ್ಮ ಕಡೆ ರೂಟರ್ ಬಿದ್ದಿದ್ದರೆ ಹಾಗಲ್ಲ, ಪ್ಯಾಕೆಟ್ ಹೋಗುತ್ತದೆ, ಉತ್ತರವೇ ಬರುವುದಿಲ್ಲ. ಟೈಮ್‌ಔಟ್ ಹೇಳದೇ ಬಿಟ್ಟರೆ ಲಿನಕ್ಸ್ ಒಂದೇ ಕನೆಕ್ಷನ್ ಪ್ರಯತ್ನವನ್ನು ಒಂದು ನಿಮಿಷಕ್ಕೂ ಮೀರಿ ಎಳೆಯುತ್ತದೆ. ನೀವು ಬರೆದ ಬ್ಯಾಕ್‌ಆಫ್‌ಗೆ ಸರದಿಯೇ ಬರುವುದಿಲ್ಲ.

30 ಎಲ್ಲಿಂದ ಬಂತು

ಎಲ್ಲ ಕಡೆ ನೋಡುವ ಉದಾಹರಣೆಗಳಲ್ಲಿ ಕಾಯುವಿಕೆಯ ಮಿತಿ ಒಂದು ನಿಮಿಷವೋ ಐದು ನಿಮಿಷವೋ ಇರುತ್ತದೆ. ಅದು ಯಾರೂ ಕೂತು ನೋಡದ ಹಿನ್ನೆಲೆ ಕೆಲಸಕ್ಕೆ ಸರಿ. ಇಲ್ಲಿ ಕುರ್ಚಿಯಲ್ಲಿ ಜನ ಇದ್ದಾರೆ, ಕೆಲವರಿಗೆ ಸಂಬಳ ಟಾಸ್ಕಿನ ಲೆಕ್ಕದಲ್ಲಿ. ಮಿತಿ 300 ಸೆಕೆಂಡು ಇಟ್ಟರೆ, ಅಡಚಣೆ ದೀರ್ಘವಾದ ದಿನ ಸರ್ವರ್ ಎದ್ದು ನಾಲ್ಕು ನಿಮಿಷವಾದರೂ ಯಾರೋ ಒಬ್ಬರು ಕೆಟ್ಟ ಚೀಟಿ ಎತ್ತಿ ಕಾಯುತ್ತಿರುತ್ತಾರೆ. ಹಾಗೆಂದು 5 ಸೆಕೆಂಡು ಇಟ್ಟರೆ ಸೆಕೆಂಡಿಗೆ 72 ಕೋರಿಕೆ ಬಿದ್ದು ಮೊದಲಿನ ಕಥೆಯೇ ಮರಳುತ್ತದೆ.

ನಾನು ಬಳಸುವ ಅಂದಾಜು ಇದು: ಜನರ ಸಂಖ್ಯೆಯ ಎರಡು ಪಟ್ಟನ್ನು, ಸರ್ವರ್ ಆಗಷ್ಟೇ ಎದ್ದು ತಣ್ಣಗಿರುವಾಗ ಸೆಕೆಂಡಿಗೆ ಎಷ್ಟು ಲಾಗಿನ್ ಮುಗಿಸುತ್ತದೋ ಅದರಿಂದ ಭಾಗಿಸಿ. ನಮ್ಮದು 360ನ್ನು 10ರಿಂದ ಭಾಗಿಸಿದರೆ 36. ಫುಲ್ ಜಿಟ್ಟರಿನಲ್ಲಿ ಸರಾಸರಿ ಕಾಯುವಿಕೆ ಮಿತಿಯ ಅರ್ಧವಾದ್ದರಿಂದ ಎರಡು ಪಟ್ಟು. 36ರ ಬದಲು 30 ಇಟ್ಟದ್ದು, ಐದಾರು ಜನರ ಸಾಲು ಟೈಮ್‌ಔಟಿನ ಹತ್ತಿರಕ್ಕೂ ಬರುವುದಿಲ್ಲ ಎಂಬ ಧೈರ್ಯದಿಂದ. 600 ಜನರ ಫ್ಲೋರ್ ಆದರೆ ಇದೇ ಲೆಕ್ಕ 120 ಎನ್ನುತ್ತದೆ. ಅಷ್ಟು ಹೊತ್ತು ಜನರನ್ನು ಕೂರಿಸಲು ಮನಸ್ಸಿಲ್ಲದಿದ್ದರೆ ಬ್ಯಾಕ್‌ಆಫಿನಲ್ಲಿ ಪರಿಹಾರ ಹುಡುಕಬೇಡಿ, ಶಿಫ್ಟನ್ನೇ 5:50, 6:00, 6:10 ಎಂದು ಮೂರು ತಂಡ ಮಾಡಿ.

ಸರ್ವರಿನ ತಣ್ಣನೆಯ ವೇಗ ನಿಮ್ಮ ಲಾಗ್ ಫೈಲಿನಲ್ಲೇ ಇದೆ. ಅಡಚಣೆಯಾದ ಒಂದು ದಿನದ, ಎದ್ದ ಮೇಲೆ ಎಲ್ಲರೂ ಒಟ್ಟಿಗೆ ಕೇಳಿದ ಮೊದಲ ಐದು ಸೆಕೆಂಡಿನಲ್ಲಿ ಯಶಸ್ವಿಯಾದ ಲಾಗಿನ್‌ಗಳನ್ನು ಎಣಿಸಿ ಐದರಿಂದ ಭಾಗಿಸಿದರೆ ಹತ್ತಿರದ ಅಂಕೆ ಸಿಗುತ್ತದೆ.

ಸಿದ್ಧ ಲೈಬ್ರರಿ ಬಳಸುವವರಿಗೆ

ಹೆಚ್ಚಿನವರು ಕೈಯಲ್ಲಿ ಲೂಪ್ ಬರೆಯುವುದಿಲ್ಲ, ಲೈಬ್ರರಿಯಲ್ಲಿ ಇದ್ದದ್ದನ್ನು ಆನ್ ಮಾಡುತ್ತಾರೆ. ಅಲ್ಲಿ "ಬ್ಯಾಕ್‌ಆಫ್ ಉಂಟು" ಎಂಬ ಮಾತನ್ನು ನಂಬುವ ಮೊದಲು ಒಳಗೆ ನೋಡಬೇಕು. ಪೈಥಾನಿನ `urllib3`ಯಲ್ಲಿ `Retry` ಇದೆ, ಆದರೆ `backoff_factor` ಹೇಳದಿದ್ದರೆ ಅದು 0, ಅಂದರೆ ಕಾಯದೆ ಬೆನ್ನುಬೆನ್ನಿಗೆ ಪ್ರಯತ್ನಿಸುತ್ತದೆ. 2.0ರಿಂದ ಬಂದ `backoff_jitter` ದುಪ್ಪಟ್ಟಾದ ಕಾಯುವಿಕೆಯ ಮೇಲೆ ಸ್ವಲ್ಪ ಸೆಕೆಂಡು ಸೇರಿಸುತ್ತದೆ ಅಷ್ಟೇ, ಫುಲ್ ಜಿಟ್ಟರ್ ಅಲ್ಲ. ಅದಕ್ಕೆ 10ರಷ್ಟು ದೊಡ್ಡ ಬೆಲೆ ಕೊಟ್ಟರೆ ಕೆಲಸ ನಡೆಯುತ್ತದೆ. `gRPC`ಯ ಕನೆಕ್ಷನ್ ಬ್ಯಾಕ್‌ಆಫ್ 1 ಸೆಕೆಂಡಿನಿಂದ ಶುರುವಾಗಿ 1.6 ಪಟ್ಟು ಬೆಳೆದು 120 ಸೆಕೆಂಡಿಗೆ ನಿಲ್ಲುತ್ತದೆ, ಜಿಟ್ಟರ್ ಶೇಕಡಾ 20. ಆ 120 ಶಿಫ್ಟಿನ ಆರಂಭಕ್ಕೆ ಹೆಚ್ಚಾಯಿತು, ಇಳಿಸಿಕೊಳ್ಳಿ.

ಈಕ್ವಲ್ ಜಿಟ್ಟರ್ ಎಂಬುದೂ ಒಂದಿದೆ: ಅರ್ಧ ಹೊತ್ತು ಖಚಿತ, ಉಳಿದರ್ಧಕ್ಕೆ ಚೀಟಿ. ತೀರಾ ಬೇಗ ಮರಳಿ ಬರುವವರನ್ನು ತಡೆಯುತ್ತದೆ. ನಮ್ಮ ಸಂದರ್ಭಕ್ಕೆ ಅದರಿಂದ ಲಾಭ ಕಾಣಲಿಲ್ಲ, ಜನರ ಸರಾಸರಿ ಕಾಯುವಿಕೆ ಮಾತ್ರ ಹೆಚ್ಚಾಯಿತು.

ಯಾವುದಕ್ಕೆ ರೀಟ್ರೈ, ಯಾವುದಕ್ಕೆ ಬೇಡ

ಕನೆಕ್ಷನ್ ಸಿಗದಿದ್ದರೆ, ಟೈಮ್‌ಔಟ್ ಆದರೆ, 502, 503, 504 ಬಂದರೆ ರೀಟ್ರೈ. 401 ಬಂದರೆ ಬೇಡವೇ ಬೇಡ. ಪಾಸ್‌ವರ್ಡ್ ತಪ್ಪಿದ್ದು ಕಾದರೆ ಸರಿಯಾಗುವುದಿಲ್ಲ, ನಾಲ್ಕೈದು ಸಲಕ್ಕೆ ಅಕೌಂಟ್ ಲಾಕ್ ಆಗಿ ಅದನ್ನು ಬಿಡಿಸಲು ಇನ್ನೊಂದು ಟಿಕೆಟ್.

429 ನಮ್ಮನ್ನು ಸ್ವಲ್ಪ ದಿನ ಗೊಂದಲಕ್ಕೆ ಹಾಕಿತು. ಯಾವ ಆ್ಯಪೂ ಅತಿಯಾಗಿ ಕೇಳುತ್ತಿರಲಿಲ್ಲ, ಆದರೂ "ತುಂಬಾ ಕೋರಿಕೆ" ಎಂಬ ಉತ್ತರ. ಕಾರಣ ಸರಳ: ಇಡೀ ಆಫೀಸು ಹೊರಗೆ ಹೋಗುವುದು ಒಂದೇ ಪಬ್ಲಿಕ್ ಐಪಿಯಿಂದ. ಆಚೆ ಕಡೆಗೆ ನಾವು 180 ಜನರಲ್ಲ, ಹುಚ್ಚು ಹಿಡಿದ ಒಬ್ಬ. ಮಿತಿಯನ್ನು ಐಪಿಯ ಬದಲು ಅಕೌಂಟಿನ ಲೆಕ್ಕದಲ್ಲಿ ಇಡಲು ಕ್ಲೈಂಟಿನವರನ್ನು ಒಪ್ಪಿಸಬೇಕಾಯಿತು. ಅದು ಕೋಡಿನಲ್ಲಿ ಬಗೆಹರಿಯುವಂಥದ್ದಲ್ಲ.

503 ಅಥವಾ 429ರ ಜೊತೆ ಸರ್ವರ್ ಕೆಲವೊಮ್ಮೆ `Retry-After: 30` ಎಂದು ಹೇಳುತ್ತದೆ. ಅದನ್ನು ಪಾಲಿಸಲೇಬೇಕು. ಆದರೆ ಅಕ್ಷರಶಃ ಪಾಲಿಸಿದರೆ ಒಂದೇ ಕ್ಷಣಕ್ಕೆ ಆ ಉತ್ತರ ಪಡೆದ 180 ಜನ ಸರಿಯಾಗಿ 30 ಸೆಕೆಂಡಿಗೆ ಒಟ್ಟಿಗೆ ಮರಳುತ್ತಾರೆ. ಕಷ್ಟಪಟ್ಟು ಒಡೆದ ಗುಂಪನ್ನು ಸರ್ವರೇ ಮತ್ತೆ ಕಟ್ಟಿಕೊಟ್ಟ ಹಾಗೆ. ಅದಕ್ಕೇ ಮೇಲಿನ ಕೋಡಿನಲ್ಲಿ ಚೀಟಿಯ ಹೊತ್ತು ಇದ್ದೇ ಇರುತ್ತದೆ, `retry_after` ಅದಕ್ಕೆ ಕೂಡುತ್ತದೆ.

ಇನ್ನೊಂದು, ಲಾಗಿನ್ ಮತ್ತು ಟಾಸ್ಕ್ ಎತ್ತುವುದು ಒಂದೇ ಅಲ್ಲ. ಲಾಗಿನ್ ಎರಡು ಸಲ ಆದರೆ ನಷ್ಟವಿಲ್ಲ. "ಮುಂದಿನ ಟಾಸ್ಕ್ ಕೊಡು" ಎಂಬ ಕೋರಿಕೆ ಸರ್ವರ್ ತಲುಪಿ, ಉತ್ತರ ಬರುವ ದಾರಿಯಲ್ಲಿ ಲೈನ್ ಕಡಿದರೆ, ರೀಟ್ರೈ ಇನ್ನೊಂದು ಟಾಸ್ಕ್ ಎತ್ತುತ್ತದೆ. ಮೊದಲನೆಯದು ಅದೇ ವ್ಯಕ್ತಿಯ ಹೆಸರಲ್ಲಿ ಬೀಗ ಹಾಕಿಕೊಂಡು, ಸ್ಕ್ರೀನಿನಲ್ಲಿ ಎಲ್ಲೂ ಕಾಣದೆ ಕೂತಿರುತ್ತದೆ. ಪ್ರತಿ ಹೊಸ ಟಾಸ್ಕಿಗೆ ಆ್ಯಪ್ ಒಂದು ವಿಶಿಷ್ಟ ಕೀ ಮಾಡಿ, ಅದರ ಎಲ್ಲ ರೀಟ್ರೈಗಳಲ್ಲೂ ಅದೇ ಕೀ ಕಳಿಸಬೇಕು, ಸರ್ವರ್ ಅದೇ ಕೀಗೆ ಅದೇ ಟಾಸ್ಕನ್ನೇ ಮರಳಿಸಬೇಕು. ಸರ್ವರ್ ಇದನ್ನು ಬೆಂಬಲಿಸದಿದ್ದರೆ ಟಾಸ್ಕ್ ಎತ್ತುವ ಕೋರಿಕೆಗೆ ಸ್ವಯಂ ರೀಟ್ರೈ ಹಾಕದಿರುವುದೇ ಒಳ್ಳೆಯದು.

ಕುರ್ಚಿಯಲ್ಲಿ ಕೂತವರು

ಎಷ್ಟೇ ಚಂದದ ಬ್ಯಾಕ್‌ಆಫ್ ಬರೆದರೂ ಎದುರು ಕೂತವರಿಗೆ ಅದು ಕಾಣದಿದ್ದರೆ ಅವರು ಆ್ಯಪ್ ಮುಚ್ಚಿ ತೆರೆಯುತ್ತಾರೆ. ಮುಚ್ಚಿ ತೆರೆದರೆ `n` ಮತ್ತೆ 0. 180 ಜನ ಹೀಗೆ ಮಾಡಿದರೆ ನಿಮ್ಮ ಮಿತಿ 30 ಅಲ್ಲ, ಮನುಷ್ಯನ ತಾಳ್ಮೆ ಎಷ್ಟೋ ಅಷ್ಟು. ನಾವು ಎರಡು ಬದಲಾವಣೆ ಮಾಡಿದೆವು. ತಿರುಗುವ ಚಕ್ರ ತೆಗೆದು "ಪ್ಲಾಟ್‌ಫಾರ್ಮ್ ಸಿಗುತ್ತಿಲ್ಲ, 17 ಸೆಕೆಂಡಿನಲ್ಲಿ ಮತ್ತೆ ಪ್ರಯತ್ನ" ಎಂದು ಇಳಿಯುವ ಅಂಕೆ ತೋರಿಸಿದೆವು. `n` ಅನ್ನು ಡಿಸ್ಕಿನಲ್ಲಿ ಉಳಿಸಿ, ಎರಡು ನಿಮಿಷದೊಳಗೆ ಆ್ಯಪ್ ಮತ್ತೆ ತೆರೆದರೆ ಅಲ್ಲಿಂದಲೇ ಮುಂದುವರಿಯುವಂತೆ ಮಾಡಿದೆವು. ಅಂಕೆ ಕಾಣಿಸಿದ ಮೇಲೆ ಮುಚ್ಚಿ ತೆರೆಯುವುದು ಬಹುತೇಕ ನಿಂತಿತು. ಪಕ್ಕದವರದ್ದು 4, ತನ್ನದು 26 ಎಂದು ಗೊಣಗುವುದು ಶುರುವಾಯಿತು, ಅದು ಇರಲಿ.

ಸರಿಯಾಗಿದೆಯೋ ಎಂದು ನೋಡುವುದು

ಎಲ್ಲ ಮೆಷಿನ್‌ಗಳ ಲಾಗ್ ಒಂದು ಕಡೆ ತಂದು, ಯಾವ ಸೆಕೆಂಡಿಗೆ ಎಷ್ಟು ಪ್ರಯತ್ನ ಎಂದು ಎಣಿಸಿ. ಸಾಲು `2024-06-18T06:00:31` ಎಂಬ ರೀತಿಯಲ್ಲಿ ಶುರುವಾಗುವುದಾದರೆ:

```
cat logs/*.log | grep 'login attempt' | cut -c12-19 | sort | uniq -c
```

ಜಿಟ್ಟರ್ ಕೆಲಸ ಮಾಡುತ್ತಿದ್ದರೆ ಮೊದಲ ಸಾಲುಗಳು ದೊಡ್ಡದಿದ್ದು, ಕ್ರಮೇಣ ಇಳಿದು, ಹದಿನೈದು ಇಪ್ಪತ್ತು ಸೆಕೆಂಡಿನ ನಂತರ ಸರ್ವರ್ ಏಳುವ ತನಕ ಪ್ರತಿ ಸೆಕೆಂಡಿಗೂ ಹತ್ತು ಹನ್ನೆರಡರ ಆಸುಪಾಸು ಇರಬೇಕು. ಗರಗಸದ ಹಲ್ಲಿನ ಹಾಗೆ ಒಂದು ಸೆಕೆಂಡಿಗೆ 180, ನಡುವಿನ ಸೆಕೆಂಡುಗಳ ಸಾಲೇ ಇಲ್ಲ, ಮತ್ತೆ 180 ಎಂದು ಕಂಡರೆ ಗುಂಪು ಒಡೆದಿಲ್ಲ.

ನಾವು ಜಿಟ್ಟರ್ ಹಾಕಿದ ಮೊದಲ ವಾರ ನನಗೆ ಕಂಡದ್ದು ಹಲ್ಲುಗಳೇ. ಆದರೆ ವಿಚಿತ್ರ ಹಲ್ಲುಗಳು: 1, 3, 7, 15 ಅಲ್ಲ, 0.1 ಸೆಕೆಂಡಿಗೆ 180, 1.8ಕ್ಕೆ 180, ಹೀಗೆ ಅಡ್ಡಾದಿಡ್ಡಿ ಹೊತ್ತಿಗೆ ಎಲ್ಲರೂ ಒಟ್ಟಿಗೆ. ಕೋಡ್ ಮೂರು ಸಲ ಓದಿದೆ, ಸರಿ ಇತ್ತು. ನಾಲ್ಕನೇ ಸಲ ಬೇರೆ ಫೈಲಿನಲ್ಲಿ ಸಿಕ್ಕಿತು. ಟೆಸ್ಟ್ ಪ್ರತಿ ಸಲ ಒಂದೇ ಫಲಿತಾಂಶ ಕೊಡಲಿ ಎಂದು ನಾನೇ ಬರೆದು ತೆಗೆಯಲು ಮರೆತ ಒಂದು ಸಾಲು:

```python
random.seed(1)
```

180 ಮೆಷಿನ್‌ಗಳೂ ಡಬ್ಬಿಯಿಂದ ಚೀಟಿ ಎತ್ತುತ್ತಲೇ ಇದ್ದವು, ಎಲ್ಲರ ಡಬ್ಬಿಯಲ್ಲೂ ಚೀಟಿಗಳನ್ನು ಒಂದೇ ಕ್ರಮದಲ್ಲಿ ಜೋಡಿಸಿಟ್ಟಿತ್ತು. ಸಾಲು ಅಳಿಸಿದೆ. ಲೀಡ್ ಅಕ್ಕನಿಗೆ ಹೇಳಿದಾಗ, "ಅಂದ್ರೆ ಒಂದು ವಾರ ನೀವೇ ನಮ್ಮನ್ನು ಗೇಟಿನಲ್ಲಿ ನಿಲ್ಲಿಸಿದ್ದಾ?" ಎಂದರು. ಹೌದು ಎಂದೆ.